ಮಾವನ ಬೇಕರಿಗೊಂದು ಪ್ರಾಮಾಣಿಕ ಸ್ವಾಟ್

ಮ್ಯಾನೇಜ್‌ಮೆಂಟ್ ಪೇಪರ್ ಓದಿದ ಎಲ್ಲರಿಗೂ ಸ್ವಾಟ್ ಗೊತ್ತು. ಒಂದು ಚೌಕ, ಅದರೊಳಗೆ ನಾಲ್ಕು ಮನೆ: ಬಲ, ದೌರ್ಬಲ್ಯ, ಅವಕಾಶ, ಅಪಾಯ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದ್ರೆ ನಮಗೆಲ್ಲ ಖುಷಿ, ಯಾಕಂದ್ರೆ ಏನು ಬರೆದರೂ ಅಷ್ಟೋ ಇಷ್ಟೋ ಮಾರ್ಕ್ಸ್ ಬೀಳುತ್ತೆ. "ಒಳ್ಳೆಯ ಗುಣಮಟ್ಟ" ಅಂತ ಬಲದ ಮನೆಯಲ್ಲಿ, "ಪೈಪೋಟಿ" ಅಂತ ಅಪಾಯದ ಮನೆಯಲ್ಲಿ ಬರೆದು ಮುಂದಿನ ಪ್ರಶ್ನೆಗೆ ಹೋಗ್ತೀವಿ. ಆ ಚೌಕವನ್ನು ನಂಬಿ ಯಾರೂ ಸಾಲ ಮಾಡಲ್ಲವಲ್ಲ!

ನಮ್ಮ ಸೋದರಮಾವ ಮಾತ್ರ ಮಾಡೋಕೆ ಹೊರಟಿದ್ದರು. ಅವರದ್ದು ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ 17 ವರ್ಷದ ಬೇಕರಿ. ಹಾಸನದ ಕಡೆಯಿಂದ ಬಂದು, ಹುಡುಗನಾಗಿದ್ದಾಗ ಇನ್ನೊಬ್ಬರ ಬೇಕರಿಯಲ್ಲಿ ಟ್ರೇ ತೊಳೆದು ಕೆಲಸ ಕಲಿತವರು. ಈ ವರ್ಷ ಜನವರಿಯಲ್ಲಿ ಹಳೇ ಗಿರಾಕಿಯೊಬ್ಬರು ನಾಗರಬಾವಿ ಕಡೆ ಹೊಸ ಕಾಂಪ್ಲೆಕ್ಸ್ ಕಟ್ಟಿಸಿ, "ಒಂದು ಅಂಗಡಿ ನಿಮಗೇ ಅಂತ ಇಟ್ಟಿದ್ದೀನಿ, ಒಂದು ತಿಂಗಳಲ್ಲಿ ಹೇಳಿ" ಅಂದರು. ಎರಡೂವರೆ ಲಕ್ಷ ಅಡ್ವಾನ್ಸ್, ತಿಂಗಳಿಗೆ 28 ಸಾವಿರ ಬಾಡಿಗೆ. ಕೌಂಟರ್, ಫ್ರಿಜ್, ಬೋರ್ಡು ಅಂತ ಇನ್ನೂ ಆರು ಲಕ್ಷ ಬೇಕು, ಅದು ಬ್ಯಾಂಕ್ ಸಾಲ. ಶನಿವಾರ, ಭಾನುವಾರ ನಾನು ಅಲ್ಲಿ ಕೌಂಟರ್‌ನಲ್ಲಿ ಕೂರ್ತೀನಿ. ಮಾವ ಒಂದು ರಾತ್ರಿ ಶಟರ್ ಎಳೆದ ಮೇಲೆ, "ಅದೇನೋ ನಾಕು ಮನೆ ಹಾಕ್ತೀಯಲ್ಲೋ ಕಾಲೇಜಲ್ಲಿ, ನಮ್ದೂ ಒಂದ್ ಹಾಕು ನೋಡನ" ಅಂದರು.

ಮಾವನೇ ಹೇಳ್ತಾ ಹೋದರು, ನಾನು ಬಿಲ್ ಪುಸ್ತಕದ ಹಿಂದೆ ಬರ್ಕೊಂಡೆ. ಬಲ: ರುಚಿ, ಹೆಸರು, ಜನರ ನಂಬಿಕೆ, ಸಂಜೆ ಹೊತ್ತು ಕಿಕ್ಕಿರಿಯುವ ಜನ, ಅರ್ಧ ದಿನ ಖಾಲಿ ಇರುವ ಭಟ್ಟಿ. ದೌರ್ಬಲ್ಯ: ಜಾಗ ಸಾಲದು. ಅವಕಾಶ: ನಾಗರಬಾವಿಯಲ್ಲಿ ಎರಡನೇ ಅಂಗಡಿ. ಅಪಾಯ: ಸ್ವಲ್ಪ ಯೋಚಿಸಿ, "ಏನಿಲ್ಲ ಬಿಡು".

ಇಂಥ ಪಟ್ಟಿ ಮಾಡುವುದು ನಮ್ಮ ಮಾವ ಒಬ್ಬರೇ ಅಲ್ಲ. 1997ರಲ್ಲಿ ಟೆರ್ರಿ ಹಿಲ್ ಮತ್ತು ರಾಯ್ ವೆಸ್ಟ್‌ಬ್ರೂಕ್ ಅನ್ನುವ ಇಬ್ಬರು, ಇಂಗ್ಲೆಂಡಿನಲ್ಲಿ ಸ್ವಾಟ್ ಮಾಡಿಕೊಂಡಿದ್ದ 20 ಕಂಪನಿಗಳನ್ನ ನೋಡಿ ಒಂದು ಲೇಖನ ಬರೆದರು. ಕೆಟ್ಟುಹೋದ ಸರಕನ್ನು ಕಂಪನಿಗಳು ಮಾರುಕಟ್ಟೆಯಿಂದ ವಾಪಸ್ ಕರೆಸಿಕೊಳ್ಳುತ್ತವಲ್ಲ, ಸ್ವಾಟನ್ನೂ ಹಾಗೇ ವಾಪಸ್ ಕರೆಸಿಕೊಳ್ಳುವ ಕಾಲ ಬಂದಿದೆ ಅಂತಲೇ ಅದರ ತಲೆಬರಹ. ಅವರು ಕಂಡದ್ದು ಉದ್ದುದ್ದ ಪಟ್ಟಿಗಳು, ಯಾವ ಅರ್ಥಕ್ಕೂ ಎಳೆಯಬಹುದಾದ ಮಾತುಗಳು. ಯಾವ ಸಾಲನ್ನೂ ಯಾರೂ ಪರೀಕ್ಷಿಸಿರಲಿಲ್ಲ, ಆಮೇಲೆ ಅದನ್ನು ಇಟ್ಟುಕೊಂಡು ಯಾವ ತೀರ್ಮಾನವೂ ಆಗಿರಲಿಲ್ಲ.

ಹಾಗಾಗಿ ನಾವು ಎರಡೇ ನಿಯಮ ಮಾಡಿಕೊಂಡೆವು. ಒಂದು, ಪ್ರತಿ ಸಾಲಿಗೂ ಖಾತೆ ಪುಸ್ತಕದಿಂದಲೋ ಎಣಿಕೆಯಿಂದಲೋ ಸಾಕ್ಷಿ ಬೇಕು. ಎರಡು, ಬಲ ಅಂತ ಬರೆದದ್ದು ಆಟೋ ಹತ್ತಿ ನಾಗರಬಾವಿಗೆ ಬರುತ್ತಾ ಅಂತ ಕೇಳಬೇಕು. ಈ ಎರಡನೆಯದೇ ಮುಖ್ಯ. ಪ್ರಶ್ನೆ "ನಮ್ಮ ಬೇಕರಿ ಚೆನ್ನಾಗಿದೆಯಾ" ಅನ್ನೋದಲ್ಲ, ಅದು ಚೆನ್ನಾಗಿದೆ ಅಂತ 17 ವರ್ಷವೇ ಹೇಳ್ತಿದೆ. ನಾಲ್ಕೈದು ಕಿಲೋಮೀಟರ್ ಆಚೆ ಅದೇ ಇನ್ನೊಂದು ಸಲ ಆಗುತ್ತಾ ಅನ್ನೋದು ಪ್ರಶ್ನೆ.

ಮೊದಲು ರುಚಿ. ಎರಡು ವಾರ ಯಾವ ಐಟಂ ಎಷ್ಟು ಹೊತ್ತಿಗೆ ಎಷ್ಟು ಹೋಯ್ತು ಅಂತ ಗೀಟು ಹಾಕಿ ಎಣಿಸಿದೆವು. ದಿನದ ಸರಾಸರಿ ವ್ಯಾಪಾರ 9,500 ರೂಪಾಯಿ. ಅದರಲ್ಲಿ ನೂರಕ್ಕೆ 45 ಭಾಗ ಪಫ್ಸ್, ಖಾರಾ ಬನ್, ಆಲೂ ಬನ್ನಿಂದಲೇ, ಅದೂ ಹೆಚ್ಚಾಗಿ ಸಂಜೆ ನಾಲ್ಕೂವರೆಯಿಂದ ಏಳೂವರೆವರೆಗೆ. ಅಂದ್ರೆ ಜನ "ರುಚಿ" ಅನ್ನೋದರಲ್ಲಿ ಅರ್ಧದಷ್ಟು "ಬಿಸಿ". ಪಫ್ಸ್ ಪದರ ಪದರವಾಗಿ ಗರಿಗರಿ ಇರೋದು ಭಟ್ಟಿಯಿಂದ ಇಳಿದ ಕೆಲವೇ ಗಂಟೆ. ಡಬ್ಬದಲ್ಲಿ ಮುಚ್ಚಿ ಆಟೋದಲ್ಲಿ ಸಾಗಿಸಿದರೆ ಒಳಗಿನ ಹಬೆಯೇ ಅದನ್ನ ಮೆತ್ತಗೆ ಮಾಡುತ್ತೆ. ಬ್ರೆಡ್, ರಸ್ಕ್, ಬೆಣ್ಣೆ ಬಿಸ್ಕೆಟ್, ಕೇಕ್ ಆರಾಮಾಗಿ ಪ್ರಯಾಣ ಮಾಡ್ತವೆ. ಅಂದ್ರೆ 45 ಭಾಗ ವಿಜಯನಗರದಲ್ಲೇ ಉಳಿಯುತ್ತೆ, 55 ಭಾಗ ಮಾತ್ರ ಆಟೋ ಹತ್ತುತ್ತೆ.

ಇನ್ನು ಹೆಸರು. ನಮ್ಮ ಬೋರ್ಡಿನ ಮೇಲಿರೋದು "ಅಯ್ಯಂಗಾರ್ ಬೇಕರಿ". ಮಾವ ಅಯ್ಯಂಗಾರ್ ಅಲ್ಲ. ಕೆಲಸ ಕಲಿತದ್ದು ಅಂಥ ಬೇಕರಿಯಲ್ಲಿ, ಆ ರೀತಿಯ ತಿನಿಸು ಮಾಡ್ತಾರೆ, ಹಾಗಾಗಿ ಆ ಬೋರ್ಡು. ಬೆಂಗಳೂರಲ್ಲಿ ಈ ಎರಡು ಪದ ಬರೆದುಕೊಂಡ ಅಂಗಡಿ ಬೀದಿಗೊಂದು ಸಿಗುತ್ತೆ. ನಾಗರಬಾವಿಯ ಆ ಕಾಂಪ್ಲೆಕ್ಸಿನ ಅರ್ಧ ಕಿಲೋಮೀಟರ್ ಒಳಗೇ ಎರಡಿದ್ದವು. ಅಲ್ಲಿನವರಿಗೆ ನಾವು ಮೂರನೆಯವರು, ಅಷ್ಟೆ. ವಿಜಯನಗರದ ಜನ "ಹೆಸರು" ಅನ್ನೋದು ಬೋರ್ಡನ್ನಲ್ಲ, ಮಾವನ ಮುಖವನ್ನ.

ಆ ಮುಖದ ಬೆಲೆ ಎಷ್ಟು ಅಂತ ಖಾತೆ ಪುಸ್ತಕದಲ್ಲೇ ಇತ್ತು. ಹೋದ ವರ್ಷ ಊರ ಜಾತ್ರೆಗೆ ಅಂತ ಮಾವ, ಅತ್ತೆ ಇಬ್ಬರೂ ನಾಲ್ಕು ದಿನ ಹೋಗಿದ್ದರು. ಮಾಸ್ಟರ್ ಇದ್ದರು, ಕೌಂಟರ್ ಹುಡುಗ ಇದ್ದ, ಭಟ್ಟಿಯೂ ಅದೇ. ಆ ನಾಲ್ಕು ದಿನದ ಸರಾಸರಿ 7,600. ಹತ್ತಿರ ಹತ್ತಿರ ಐದರಲ್ಲಿ ಒಂದು ಭಾಗ ಹೋಯ್ತು. ಉಳಿದು ಹಾಳಾದ ಮಾಲು ಮಾಮೂಲಿಯಾಗಿ ನೂರಕ್ಕೆ ನಾಲ್ಕು, ಆವಾಗ ಒಂಬತ್ತು. ಕಾರಣ ಹುಡುಕಿದರೆ ಸಿಕ್ಕಿತು: ಮಳೆ ಮೋಡ ಕಂಡರೆ ಮಾವ ಮಧ್ಯಾಹ್ನದ ಪಫ್ಸ್ ಎರಡು ಟ್ರೇ ಕಮ್ಮಿ ಮಾಡಿಸ್ತಾರೆ, ಶಾಲೆಗೆ ರಜೆ ಅಂದ್ರೆ ಬನ್ ಕಮ್ಮಿ, ತಿಂಗಳ ಮೊದಲ ವಾರ ಕೇಕ್ ಜಾಸ್ತಿ. ಇದೆಲ್ಲ ಅವರ ತಲೆಯಲ್ಲಿದೆ, ಎಲ್ಲೂ ಬರೆದಿಲ್ಲ. ಎರಡನೇ ಅಂಗಡಿ ಅಂದ್ರೆ ಮಾವ ಒಂದಲ್ಲ ಒಂದು ಅಂಗಡಿಯಲ್ಲಿ ಯಾವಾಗಲೂ ಇಲ್ಲ ಅಂತ ಅರ್ಥ. ಒಂದು ಅಂಗಡಿ ಇರೋವರೆಗೆ ಇದು ಬಲ, ಎರಡಾದ ದಿನ ಇದೇ ದೌರ್ಬಲ್ಯ. ಈ ಸಾಲನ್ನ ನಾವು ಒಂದು ಮನೆಯಿಂದ ಕಿತ್ತು ಇನ್ನೊಂದು ಮನೆಗೆ ಹಾಕಿದೆವು.

ಸಂಜೆಯ ಜನಕ್ಕೂ ಇದೇ ಗತಿ. ನಮ್ಮಲ್ಲಿ ಟೀ ಇಲ್ಲ, ಪಕ್ಕದಲ್ಲಿ ಟೀ ಅಂಗಡಿ ಇದೆ, ಅದರ ಮುಂದೆ ಬಸ್ ಸ್ಟಾಪ್. ಟೀ ಕುಡಿಯೋಕೆ ನಿಂತವರು ಖಾರಾ ಬನ್ ತಗೊಳ್ತಾರೆ. ಆ ಜನ ನಮ್ಮವರಲ್ಲ, ಆ ಮೂಲೆಯವರು. ನಾಳೆ ಟೀ ಅಂಗಡಿಯವರು ಜಾಗ ಬಿಟ್ಟರೆ ನಮ್ಮ ಸಂಜೆ ವ್ಯಾಪಾರವೂ ಅವರ ಹಿಂದೆ ಹೋಗುತ್ತೆ. ಹಾಗಾಗಿ ಅದು ಬಲದ ಮನೆ ಬಿಟ್ಟು ಅಪಾಯದ ಮನೆಗೆ ಹೋಯ್ತು. ಅಪಾಯ "ಏನಿಲ್ಲ ಬಿಡು" ಅಂದಿದ್ದ ಮಾವ ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರು.

ಖಾಲಿ ಭಟ್ಟಿಯ ವಿಷಯದಲ್ಲಿ ನನಗೆ ಎಂಜಿನಿಯರಿಂಗ್ ಕುತೂಹಲ ಇತ್ತು. ನಮ್ಮದು ಸೌದೆಯ ಇಟ್ಟಿಗೆ ಭಟ್ಟಿ. ಬೆಳಗಿನ ಜಾವ ಬೆಂಕಿ ಹಾಕಿ, ಇಟ್ಟಿಗೆ ಕಾದ ಮೇಲೆ ಕೆಂಡ ಎಳೆದು, ಆ ಉಳಿದ ಶಾಖದಲ್ಲೇ ಬೇಯಿಸೋದು. ಶಾಖ ಇಳೀತಾ ಹೋಗುತ್ತೆ, ಅದಕ್ಕೆ ತಕ್ಕ ಹಾಗೆ ಸರದಿ: ಜಾಸ್ತಿ ಕಾವಿದ್ದಾಗ ಬನ್ನು, ಬ್ರೆಡ್ಡು, ಆಮೇಲೆ ಕೇಕು, ಆಮೇಲೆ ಬಿಸ್ಕೆಟ್, ಕೊನೆಗೆ ಸಣ್ಣ ಕಾವಲ್ಲಿ ರಸ್ಕ್ ಒಣಗಿಸೋದು. ಮಧ್ಯಾಹ್ನ ಎರಡಕ್ಕೆ ಮತ್ತೆ ಬೆಂಕಿ, ಸಂಜೆಯ ಪಫ್ಸಿಗೆ. ಹನ್ನೊಂದರಿಂದ ಎರಡರವರೆಗೆ ಭಟ್ಟಿ ಸುಮ್ಮನೆ ಕೂತಂತೆ ಕಾಣುತ್ತೆ, ಆದರೆ ಒಳಗೆ ರಸ್ಕ್ ಇರುತ್ತೆ. ಒಂದು ವಾರ ಗಡಿಯಾರ ಇಟ್ಟು ನೋಡಿದ ಮೇಲೆ ತಿಳಿದದ್ದು, ಇನ್ನೊಂದು ಸರದಿ ಬ್ರೆಡ್ ಹಾಕೋಕೆ ಭಟ್ಟಿಯಲ್ಲಿ ಜಾಗ ಮಾಡಬಹುದು. ತಡೆ ಇರೋದು ಭಟ್ಟಿಯಲ್ಲಲ್ಲ, ಅದರ ಮುಂಚಿನ ಕೆಲಸದಲ್ಲಿ. ಹಿಟ್ಟು ಕಲಸಿ, ಹುಳಿ ಬಂದು, ಉಂಡೆ ಮಾಡಿ, ಟ್ರೇಯಲ್ಲಿ ಮತ್ತೆ ಉಬ್ಬೋವರೆಗೆ ಮೂರು ಗಂಟೆಗೂ ಹೆಚ್ಚು ಬೇಕು, ಆ ಕೆಲಸ ತಿಳಿದ ಮಾಸ್ಟರ್ ಇರೋದು ಒಬ್ಬರೇ. ಅವರು ಜ್ವರ ಬಂದು ಮಲಗಿದರೆ ಒಂದು ಅಂಗಡಿಯಲ್ಲ, ಎರಡೂ ಅಂಗಡಿಯ ಗಾಜಿನ ಕಪಾಟು ಖಾಲಿ.

ಇಷ್ಟೊತ್ತು ಸುಮ್ಮನೆ ಲೆಕ್ಕ ಕೇಳ್ತಿದ್ದ ಅತ್ತೆ ಆಗ ಒಂದು ಮಾತು ಹೇಳಿದರು. "ಎಲ್ಲಾ ಬರ್ದೆ ಕಣೋ, ನನ್ ಸಂಬಳ ಯಾವ್ ಮನೇಲೈತೆ?"

ಎಲ್ಲೂ ಇರಲಿಲ್ಲ. ನೂರು ರೂಪಾಯಿ ವ್ಯಾಪಾರದಲ್ಲಿ ಮೈದಾ, ಕೊಬ್ಬು, ಸಕ್ಕರೆ, ಸೌದೆ, ಮಾಸ್ಟರ್ ಮತ್ತು ಸಹಾಯಕರ ಕೂಲಿ, ಕವರ್ರು, ಹಾಳಾದ ಮಾಲು ಎಲ್ಲ ಕಳೆದರೆ 38 ರೂಪಾಯಿ ಉಳಿಯುತ್ತೆ. ತಿಂಗಳಿಗೆ 2,85,000 ವ್ಯಾಪಾರಕ್ಕೆ ಅದು 1,08,000. ಹಳೇ ಕರಾರಿನ ಬಾಡಿಗೆ 18 ಸಾವಿರ, ಕೌಂಟರ್ ಹುಡುಗನಿಗೆ 16, ಕರೆಂಟು ಇತ್ಯಾದಿ 8 ಸಾವಿರ ಹೋದರೆ 66 ಸಾವಿರ. ಇದನ್ನೇ ಮಾವ ಲಾಭ ಅಂತಿದ್ದರು. ಆದರೆ ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತೂವರೆವರೆಗೆ ಮಾವ, ಅತ್ತೆ ಸರದಿಯಲ್ಲಿ ದುಡೀತಾರೆ. ಅವರ ಜಾಗಕ್ಕೆ ಇಬ್ಬರನ್ನ ಇಟ್ಟರೆ ತಲಾ 18 ಸಾವಿರ ಕೊಡಬೇಕು. ಅದನ್ನ ಕಳೆದರೆ ಅಂಗಡಿಯ ನಿಜವಾದ ಲಾಭ 30 ಸಾವಿರ. ಉಳಿದದ್ದು ಇಬ್ಬರ ಕೂಲಿ. ಮನೆಯವರೇ ನಡೆಸುವ ಅಂಗಡಿಗಳ ಸ್ವಾಟ್‌ನಲ್ಲಿ ಬಿಟ್ಟುಹೋಗುವ ದೌರ್ಬಲ್ಯ ಇದೇ. ಎರಡನೇ ಅಂಗಡಿಯಲ್ಲಿ ಅತ್ತೆ ಇರಲ್ಲ, ಅಲ್ಲಿ ಈ ಕೂಲಿಯನ್ನ ಕೈಯಾರೆ ಎಣಿಸಿ ಕೊಡಬೇಕು.

ಅವಕಾಶದ ಮನೆಯಲ್ಲಿ ಮಾವ ಬರೆಸಿದ್ದು "ಎರಡನೇ ಅಂಗಡಿ". ಅದು ಅವಕಾಶ ಅಲ್ಲ, ಅದು ನಾವು ಮಾಡಬೇಕೆಂದಿರುವ ಕೆಲಸ. ಅವಕಾಶ ಅಂದ್ರೆ ನಾವು ಏನೂ ಮಾಡದೇ ಇದ್ದರೂ ಹೊರಗೆ ಇರೋ ಸಂಗತಿ. ತೀರ್ಮಾನವನ್ನೇ ಅವಕಾಶ ಅಂತ ಬರೆದುಬಿಟ್ಟರೆ ಉಳಿದ ಮೂರು ಮನೆ ಅದಕ್ಕೆ ತಾಳ ಹಾಕ್ತವೆ, ಅಷ್ಟೆ. ಅಳಿಸಿ, "ಅಲ್ಲಿ ಹೊಸ ಅಪಾರ್ಟ್‌ಮೆಂಟ್‌ಗಳಿವೆ, ಕಾಲೇಜುಗಳಿವೆ" ಅಂತ ಬರೆದು, ನೋಡೋಕೆ ಹೋದೆವು. ಬುಧವಾರ ಸಂಜೆ ಐದರಿಂದ ಏಳರವರೆಗೆ ಆ ಅಂಗಡಿ ಮುಂದೆ ನಡೆದುಹೋದವರು 190. ಅದೇ ಹೊತ್ತಲ್ಲಿ ವಿಜಯನಗರದಲ್ಲಿ ಎಣಿಸಿದ್ದು 640, ಅವರಲ್ಲಿ ನಮ್ಮಲ್ಲಿ ಏನಾದರೂ ಕೊಂಡವರು ಸುಮಾರು 110, ಅಂದ್ರೆ ಆರರಲ್ಲಿ ಒಬ್ಬರು. ಅದೇ ಲೆಕ್ಕದಲ್ಲಿ ನಾಗರಬಾವಿಯಲ್ಲಿ ಎರಡು ಗಂಟೆಗೆ ಮೂವತ್ತು ಚಿಲ್ಲರೆ ಜನ. ಶನಿವಾರವೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಅಪಾರ್ಟ್‌ಮೆಂಟಿನವರು ಕಾರು, ಸ್ಕೂಟರ್‌ನಲ್ಲೇ ಒಳಗೆ ಹೋಗ್ತಾರೆ. ಬಸ್ ಸ್ಟಾಪ್ ಇರೋದು ರಸ್ತೆಯ ಆ ಕಡೆ, ನಡುವೆ ಡಿವೈಡರ್.

ಹೊರಗಿನ ಇನ್ನೊಂದು ಸಂಗತಿ ತೆರಿಗೆ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿ, ಎಷ್ಟೋ ಕಡೆ "ಕ್ಯಾಶ್ ಮಾತ್ರ" ಬೋರ್ಡು ಬಿದ್ದದ್ದು ನಿಮಗೆ ನೆನಪಿರಬಹುದು. ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಬ್ರೆಡ್ಡಿಗೆ ತೆರಿಗೆ ಇಲ್ಲದಿದ್ದರೂ ಈ 40 ಲಕ್ಷದ ಎಣಿಕೆಯಲ್ಲಿ ಅದೂ ಸೇರುತ್ತೆ. ಮಾವನ ವಹಿವಾಟು ಈಗ 35 ಲಕ್ಷದ ಹತ್ತಿರ. ಮಿತಿ ಅಂಗಡಿಗೊಂದರಂತೆ ಅಲ್ಲ, ಪ್ಯಾನ್ ನಂಬರಿಗೆ ಒಂದು. ಎರಡನೆಯದು ತೆರೆದ ವರ್ಷವೇ ಎರಡೂ ಸೇರಿ ಗೆರೆ ದಾಟುತ್ತೆ. ಒಂದೂವರೆ ಕೋಟಿ ಒಳಗಿನವರಿಗೆ ಇರುವ ಕಾಂಪೊಸಿಷನ್ ಪದ್ಧತಿಗೆ ಹೋದರೆ ವಹಿವಾಟಿನ ಮೇಲೆ ನೂರಕ್ಕೆ ಒಂದು, ಅದನ್ನ ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲಿ ಮಾಡುವ ಹಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಕೇಕು, ಬಿಸ್ಕೆಟ್ಟಿನ ತೆರಿಗೆ ನೂರಕ್ಕೆ 18ರಿಂದ 5ಕ್ಕೆ ಇಳಿದದ್ದನ್ನ ಮಾವ ಅವಕಾಶ ಅಂತ ಸೇರಿಸಹೊರಟರು. ಆದರೆ ಮಾವ ಇವತ್ತಿನವರೆಗೆ ಆ 18 ಕಟ್ಟುತ್ತಲೇ ಇರಲಿಲ್ಲ. ಅಗ್ಗ ಆಗಬಹುದಾದದ್ದು ದೊಡ್ಡ ಕಂಪನಿಗಳ ಪ್ಯಾಕೆಟ್ಟು. ಅದೂ ಅಪಾಯದ ಮನೆಗೇ ಹೋಯ್ತು.

ಈಗ ನಾಲ್ಕೂ ಮನೆ ಸೇರಿಸಿ ಒಂದು ಲೆಕ್ಕ. ಹೊಸ ಅಂಗಡಿಗೆ ತಿಂಗಳಿಗೆ ಬಾಡಿಗೆ 28 ಸಾವಿರ, ಇಬ್ಬರು ಕೆಲಸದವರಿಗೆ 36, ಕರೆಂಟು 6, ಆಟೋ ಸಾಗಾಟ 8, ಸಾಲದ ಕಂತು 13 ಚಿಲ್ಲರೆ, ತೆರಿಗೆ 5 ಚಿಲ್ಲರೆ: ಒಟ್ಟು ಸುಮಾರು 97 ಸಾವಿರ. ನೂರಕ್ಕೆ 38 ಉಳಿಯುವ ವ್ಯಾಪಾರದಲ್ಲಿ 97 ಸಾವಿರ ಹುಟ್ಟಬೇಕಾದರೆ ದಿನಕ್ಕೆ 8,500 ರೂಪಾಯಿ ಮಾರಬೇಕು. ಅದು ಲಾಭಕ್ಕಲ್ಲ, ಬರೀ ಸರಿದೂಗೋಕೆ. ಆಟೋ ಹತ್ತೋ ಮಾಲು 17 ವರ್ಷದ ಅಂಗಡಿಯಲ್ಲೇ ಹೋಗ್ತಿರೋದು ದಿನಕ್ಕೆ 5,200. ನಾಗರಬಾವಿಯಲ್ಲಿ ಮೊದಲ ದಿನದಿಂದಲೇ ಅಷ್ಟು ಹೋಗುತ್ತೆ ಅಂತ ಇಟ್ಟುಕೊಂಡರೂ ತಿಂಗಳಿಗೆ 38 ಸಾವಿರದ ಹತ್ತಿರ ಕೈಯಿಂದ ಹೋಗುತ್ತೆ. ಮನೆ ನಡೀತಿರೋ 66 ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು. ಅಲ್ಲೇ ಒಂದು ಸಣ್ಣ ಓವನ್ ಇಟ್ಟು ಬಿಸಿ ಪಫ್ಸ್ ಮಾಡಿದರೆ? ಕೇಳಿದೆವು. ಅದಕ್ಕೆ ಸಾಲ ಇನ್ನಷ್ಟು, ಮಾಸ್ಟರ್ ಇನ್ನೊಬ್ಬರು, ಮತ್ತೆ ನಡೆದುಹೋಗೋರು ಅದೇ 190 ಜನ.

ಮಾವ ಆ ರಾತ್ರಿ ಏನೂ ಹೇಳಲಿಲ್ಲ. ಮೂರು ದಿನ ಬಿಟ್ಟು ಕಾಂಪ್ಲೆಕ್ಸಿನವರಿಗೆ ಫೋನ್ ಮಾಡಿ ಬೇಡ ಅಂದರು. ಆದರೆ ಪಟ್ಟಿಯನ್ನ ಎಸೆಯಲಿಲ್ಲ, ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದರು. ಪಟ್ಟಿ ಹೇಳಿದ್ದು "ಬೇಡ" ಅಂತ ಮಾತ್ರ ಅಲ್ಲ, ಏನು ಬದಲಾದರೆ "ಬೇಕು" ಆಗುತ್ತೆ ಅಂತಲೂ ಹೇಳಿತ್ತು. ಅದರಿಂದ ಎರಡು ಕೆಲಸ ಶುರುವಾಯ್ತು.

ಒಂದು, ಮಾವನ ತಲೆಯಲ್ಲಿರೋದನ್ನ ಪುಸ್ತಕಕ್ಕೆ ಇಳಿಸೋದು. ಯಾವ ವಾರ, ಯಾವ ಹವಾ, ಎಷ್ಟು ಟ್ರೇ, ಎಷ್ಟು ಕಿಲೋ ಮೈದಾಕ್ಕೆ ಎಷ್ಟು ಈಸ್ಟು. ಸಹಾಯಕರಲ್ಲಿ ಒಬ್ಬ ಹುಡುಗನನ್ನ ಮಾಸ್ಟರ್ ಜೊತೆ ಕಲಸೋಕೆ ನಿಲ್ಲಿಸಿದರು. ಅಳತೆಗೋಲು ಜಾತ್ರೆಯದ್ದೇ: ಮಾವ, ಅತ್ತೆ ಇಬ್ಬರೂ ಇಲ್ಲದ ದಿನಗಳಲ್ಲಿ ವ್ಯಾಪಾರ ನೂರಕ್ಕೆ ಐದಕ್ಕಿಂತ ಹೆಚ್ಚು ಬೀಳಬಾರದು. ಏಪ್ರಿಲ್‌ನಲ್ಲಿ ಒಂದು ಮದುವೆಗೆ ಐದು ದಿನ ಹೋಗಿದ್ದರು. ಬಿದ್ದದ್ದು ನೂರಕ್ಕೆ ಹನ್ನೊಂದು. ಇಪ್ಪತ್ತರಿಂದ ಹನ್ನೊಂದಕ್ಕೆ ಬಂದಿದೆ, ಐದಕ್ಕೆ ಬಂದಿಲ್ಲ.

ಎರಡು, ಬಾಡಿಗೆ ಕೊಡದೆಯೇ ನಾಗರಬಾವಿಯನ್ನ ಕೇಳಿನೋಡೋದು. ಅಲ್ಲಿನ ನಾಲ್ಕು ಪ್ರಾವಿಷನ್ ಸ್ಟೋರ್‌ಗಳಿಗೆ ಬ್ರೆಡ್, ರಸ್ಕ್, ಬೆಣ್ಣೆ ಬಿಸ್ಕೆಟ್ ಪ್ಯಾಕೆಟ್ ಕೊಡ್ತಿದ್ದೀವಿ. ಅಂಗಡಿಯವರಿಗೆ ಕಮಿಷನ್, ಹೋಗದ ಮಾಲು ವಾಪಸ್. ಪ್ಯಾಕೆಟ್ ಮೇಲೆ ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಎಫ್‌ಎಸ್‌ಎಸ್‌ಎಐ ನಂಬರ್ ಎಲ್ಲ ಹಾಕಿಸಬೇಕಾಯ್ತು. ಮೂರು ತಿಂಗಳ ಲೆಕ್ಕ ನನ್ನ ಹತ್ತಿರ ಇದೆ. ಬ್ರೆಡ್ ಐದರಲ್ಲಿ ಒಂದು ವಾಪಸ್ ಬರುತ್ತೆ, ಅದನ್ನ ಮುಂದುವರಿಸಿ ಪ್ರಯೋಜನ ಇಲ್ಲ. ರಸ್ಕ್ ಮಾತ್ರ ಒಂದು ಪ್ಯಾಕೆಟ್ಟೂ ವಾಪಸ್ ಬರ್ತಿಲ್ಲ, ಎರಡು ಅಂಗಡಿಯವರು ಜಾಸ್ತಿ ಕೇಳ್ತಿದ್ದಾರೆ. ಖಾಲಿ ಅಂದುಕೊಂಡಿದ್ದ ಆ ಹನ್ನೊಂದರಿಂದ ಎರಡರ ಭಟ್ಟಿಯಲ್ಲಿ ಈಗ ಎರಡು ಟ್ರೇ ರಸ್ಕ್ ಹೆಚ್ಚಿಗೆ ಒಣಗ್ತಿದೆ.

ಮೊನ್ನೆ ಮಾವ ಪಟ್ಟಿ ತೆಗೆದು, ಬಲದ ಮನೆಯಲ್ಲಿ "ರುಚಿ" ಅಂತ ಇದ್ದದ್ದನ್ನ ಹೊಡೆದುಹಾಕಿ, ತಮ್ಮ ಕೈಯಲ್ಲೇ "ರಸ್ಕ್" ಅಂತ ಬರೆದರು. ಅಪಾಯದ ಮನೆಯಲ್ಲಿ ಟೀ ಅಂಗಡಿಯ ಸಾಲು ಹಾಗೇ ಇದೆ. ಟೀ ಅಂಗಡಿಯವರ ಕರಾರು ಮುಂದಿನ ಮಾರ್ಚ್‌ವರೆಗೆ ಅಂತ ವಿಚಾರಿಸಿ, ಅದರ ಪಕ್ಕ ಆ ತಾರೀಕನ್ನೂ ಬರೆದಿಟ್ಟಿದ್ದಾರೆ.